ಬಿರುಕು ಗಾರೆಯದೋ, ಗೋಡೆಯದೋ?

ಗೃಹಪ್ರವೇಶವಾಗಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹೊಸ ಮನೆಯ ಗೋಡೆಗಳಲ್ಲಿ ಕೂದಲೆಳೆಯಂಥ ಗೆರೆಗಳು ಕಾಣಿಸಿಕೊಳ್ಳುತ್ತವೆ. ಸಾಲ ಮಾಡಿ ಕಟ್ಟಿದವರಿಗೆ ಎದೆ ಧಸಕ್ಕೆನ್ನುತ್ತದೆ. ಮೇಸ್ತ್ರಿಯನ್ನು ಕರೆದು ತೋರಿಸಿದರೆ ‘ಪ್ಲಾಸ್ಟರ್ ಕ್ರ್ಯಾಕ್ ಸಾರ್, ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಆಯ್ತು’ ಎಂಬ ಉತ್ತರ ಬರುತ್ತದೆ. ಹೆಚ್ಚಿನ ಸಲ ಆತ ಹೇಳುವುದು ನಿಜ. ಆದರೆ ಅದೇ ಉತ್ತರ ಅಡಿಪಾಯ ಕುಸಿಯುತ್ತಿರುವ ಗೋಡೆಗೂ, ಕಬ್ಬಿಣ ತುಕ್ಕು ಹಿಡಿದ ಸೂರಿಗೂ ಸಿಗುತ್ತದೆ ಎಂಬುದೇ ಆತಂಕದ ಸಂಗತಿ. ಬಿರುಕು ಬಿಟ್ಟದ್ದು ಮೇಲಿನ ಗಾರೆಯ ಪದರವೋ, ಅದರ ಹಿಂದಿನ ಗೋಡೆಯೋ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಪುಟ್ಟಿಯ ಡಬ್ಬ ತೆರೆಯಬಾರದು.

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಮನೆಯನ್ನೇ ಎತ್ತಿಕೊಳ್ಳೋಣ. ಮೂವತ್ತು–ನಲವತ್ತರ ಸೈಟು, ಕಾಂಕ್ರೀಟ್ ಪಿಲ್ಲರುಗಳ ನಡುವೆ ಸಾಲಿಡ್ ಬ್ಲಾಕಿನ ಗೋಡೆ, ಎಂ-ಸ್ಯಾಂಡಿನ ಗಾರೆ, ಪ್ಲಾಸ್ಟರಿಂಗ್ ನಡೆದದ್ದು ಮಾರ್ಚ್ ಬಿಸಿಲಿನಲ್ಲಿ. ವರ್ಷ ತುಂಬುವ ಹೊತ್ತಿಗೆ ಇಂಥ ಮನೆಯಲ್ಲಿ ಮೂರು ನಾಲ್ಕು ಬಗೆಯ ಗೆರೆಗಳು ಒಟ್ಟಿಗೇ ಇರುತ್ತವೆ.

ಮೊದಲನೆಯದು ಪಶ್ಚಿಮದ ಹೊರಗೋಡೆಯ ಮೇಲೆ. ಬತ್ತಿದ ಕೆರೆಯ ತಳದ ಮಣ್ಣಿನಂತೆ ಚೂರುಚೂರಾಗಿ, ದಿಕ್ಕುದೆಸೆಯಿಲ್ಲದೆ ಹಬ್ಬಿದ ಸಣ್ಣ ಬಿರುಕುಗಳು. ಇದು ಗಾರೆ ಕುಗ್ಗಿದ್ದರ ಗುರುತು. ಸಿಮೆಂಟು ಗಟ್ಟಿಯಾಗಲು ಅದರ ತೂಕದ ಸುಮಾರು ಕಾಲು ಭಾಗದಷ್ಟು ನೀರು ರಾಸಾಯನಿಕವಾಗಿ ಸೇರಿದರೆ ಸಾಕು. ಆದರೆ ಅಷ್ಟೇ ನೀರಿನಲ್ಲಿ ಕಲಸಿದರೆ ಕರಣೆಗೆ ಗಾರೆ ಬಗ್ಗುವುದಿಲ್ಲ. ಹಾಗಾಗಿ ಅದಕ್ಕಿಂತ ಬಹಳ ಹೆಚ್ಚು ನೀರು ಹಾಕುತ್ತಾರೆ. ಮಿಕ್ಕ ನೀರು ಆಮೇಲೆ ಆರಿಹೋಗುವಾಗ ಗಾರೆ ಕುಗ್ಗುತ್ತದೆ. ಮೂರು ಮೀಟರ್ ಉದ್ದದ ಗಾರೆ ಯಾವುದಕ್ಕೂ ಅಂಟದೆ ಸ್ವತಂತ್ರವಾಗಿದ್ದರೆ ಒಣಗುವಾಗ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಮಿಲಿಮೀಟರ್ ಚಿಕ್ಕದಾದೀತು. ಆದರೆ ಅದು ಗೋಡೆಗೆ ಅಂಟಿಕೊಂಡಿದೆ, ಗೋಡೆ ಬಿಡುವುದಿಲ್ಲ. ಆ ಎಳೆದಾಟದಲ್ಲಿ ಗಾರೆ ಹರಿಯುತ್ತದೆ.

ಹರಿಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಆ ಮೊದಲ ಒಂದು ವಾರ. ಗಾರೆಗೆ ಬಲ ಬರುವ ಮೊದಲೇ ನೀರು ಆರಿಹೋದರೆ ತಡೆದುಕೊಳ್ಳುವ ಶಕ್ತಿಯೇ ಅದಕ್ಕಿರುವುದಿಲ್ಲ. ಬಳಿದು ಒಂದು ದಿನ ಕಳೆದ ಮೇಲೆ ಶುರು ಮಾಡಿ, ಕನಿಷ್ಠ ಏಳು ದಿನ ಗೋಡೆ ಒದ್ದೆಯಾಗಿಯೇ ಇರಬೇಕು. ಈಗ ಹೆಚ್ಚಾಗಿ ಮಾರಾಟವಾಗುವ ಪಿಪಿಸಿ ಸಿಮೆಂಟಿನಲ್ಲಿ ಹಾರುಬೂದಿ ಬೆರೆತಿರುವುದರಿಂದ ಅದು ನಿಧಾನವಾಗಿ ಬಲಿಯುತ್ತದೆ. ಅದಕ್ಕೆ ಹತ್ತು ದಿನವಾದರೂ ಬೇಕು. ಇಲ್ಲಿ ‘ಒದ್ದೆಯಾಗಿಯೇ’ ಎಂಬುದು ಮುಖ್ಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪಿನಲ್ಲಿ ನೀರು ಹೊಡೆದರೆ ಪಡುವಣ ಬಿಸಿಲಿಗೆ ಬಿದ್ದ ಗೋಡೆ ಗಂಟೆಯೊಳಗೆ ಒಣಗಿ ನಿಲ್ಲುತ್ತದೆ. ನೆನೆದು ಒಣಗಿ, ಮತ್ತೆ ನೆನೆದು ಒಣಗುವ ಗಾರೆ ಇನ್ನೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಒದ್ದೆ ಗೋಣಿಚೀಲ ಇಳಿಬಿಡುವುದು ಹಳೆಯ ಪದ್ಧತಿ. ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಮರಳಿನ ಪಾಲೂ ಇದರಲ್ಲಿದೆ. ನದಿ ಮರಳು ಸಿಗದಂತಾಗಿ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂದ ಮೇಲೆ ಅದರಲ್ಲಿನ ನುಣ್ಣನೆಯ ಧೂಳು ಒಂದು ತೊಡಕಾಗಿದೆ. ಧೂಳು ಹೆಚ್ಚಾದಷ್ಟೂ ಗಾರೆ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಕುಗ್ಗುತ್ತದೆ. ಪ್ಲಾಸ್ಟರಿಂಗಿಗೆಂದೇ ತೊಳೆದು ಜರಡಿ ಹಿಡಿದ ಪಿ-ಸ್ಯಾಂಡ್ ಸಿಗುತ್ತದೆ. ಕಾಂಕ್ರೀಟಿಗೆ ತಂದ ಎಂ-ಸ್ಯಾಂಡನ್ನೇ ಗೋಡೆಗೂ ಬಳಿಯುವುದು ಉಳಿತಾಯವಲ್ಲ. ‘ಗಟ್ಟಿಯಾಗಲಿ’ ಎಂದು ಸಿಮೆಂಟು ಸುರಿಯುವುದೂ ತಪ್ಪೇ. ಒಂದಕ್ಕೆ ಮೂರರ ಗಾರೆ ಒಂದಕ್ಕೆ ಆರರದಕ್ಕಿಂತ ಬಲವಾಗಿರುತ್ತದೆ ನಿಜ, ಆದರೆ ಕುಗ್ಗುವುದೂ ಅದೇ ಹೆಚ್ಚು. ನುಣುಪು ಬರಲೆಂದು ಹಸಿ ಗಾರೆಯ ಮೇಲೆ ಒಣ ಸಿಮೆಂಟು ಎರಚಿ ಉಜ್ಜಿದ ಗೋಡೆಗಳಲ್ಲಿ ಈ ಚೂರು ಬಿರುಕು ಅತಿ ಹೆಚ್ಚು. ಮೇಲಿನ ಪದರ ಕೆಳಗಿನದಕ್ಕಿಂತ ಬಲವಾಗಿರಬಾರದು ಎಂಬುದು ಗಾರೆ ಕೆಲಸದ ಮೂಲ ನಿಯಮ.

ಇದೇ ಮನೆಯ ಮಲಗುವ ಕೋಣೆಯೊಳಗೆ ಇನ್ನೆರಡು ಗೆರೆಗಳಿವೆ, ಎರಡೂ ನೇರ. ಒಂದು ಸ್ವಿಚ್‌ಬೋರ್ಡಿನಿಂದ ಸೂರಿನವರೆಗೆ ಹೋಗಿದೆ. ಅದು ವೈರಿನ ಪೈಪಿಗಾಗಿ ಗೋಡೆ ಕೊರೆದ ಕಾಲುವೆಯ ಗುರುತು. ಪೈಪನ್ನು ಸಾಕಷ್ಟು ಆಳಕ್ಕೆ ಇಳಿಸದೆ ಮೇಲೆ ತೆಳುವಾಗಿ ಗಾರೆ ಬಳಿದಿದ್ದಾರೆ, ಅಷ್ಟೇ. ಇನ್ನೊಂದು ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ನೆಲದಿಂದ ಸೂರಿನವರೆಗೆ ಎಳೆದ ಗೆರೆ. ಕಾಂಕ್ರೀಟೂ ಬ್ಲಾಕೂ ಬಿಸಿಲಿಗೆ ಹಿಗ್ಗುವ ಪ್ರಮಾಣ ಬೇರೆ, ಒಣಗಿ ಕುಗ್ಗುವ ಪ್ರಮಾಣವೂ ಬೇರೆ. ಜೊತೆಗೆ ಬ್ಲಾಕುಗಳು ಅಚ್ಚಿನಿಂದ ತೆಗೆದು ಸರಿಯಾಗಿ ಒಣಗುವ ಮೊದಲೇ ಲಾರಿ ಹತ್ತಿ ಬಂದಿದ್ದರೆ, ಗೋಡೆಯಾದ ಮೇಲೂ ಕುಗ್ಗುತ್ತಲೇ ಇರುತ್ತವೆ. ಈ ಸಂದಿನ ಮೇಲೆ ಎರಡೂ ಕಡೆಗೆ ಸುಮಾರು ಆರಾರು ಇಂಚು ಚಾಚುವಂತೆ ಕೋಳಿ ಜಾಲರಿಯನ್ನು ಬಿಗಿಯಾಗಿ ಮೊಳೆ ಹೊಡೆದು ಗಾರೆ ಬಳಿಯಬೇಕಿತ್ತು. ಗೆರೆ ಅಂದಗೆಡಿಸುತ್ತದೆಯೇ ಹೊರತು ಮನೆಯ ಭಾರ ಹೊರುವ ಶಕ್ತಿಗೆ ಇದರಿಂದ ತೊಂದರೆಯಿಲ್ಲ. ಮೇಲಿನ ಮಹಡಿಯಲ್ಲಿ ಆರ್‌ಸಿಸಿ ಸೂರಿನ ಕೆಳಗೆ ಗೋಡೆಯ ತಲೆಯುದ್ದಕ್ಕೂ ಅಡ್ಡ ಬಿರುಕು ಕಂಡರೆ ಅದೂ ಹೆಚ್ಚಾಗಿ ಈ ಜಾತಿಯದೇ. ಬಿಸಿಲಿಗೆ ಸೂರು ಹಿಗ್ಗಿ ರಾತ್ರಿ ಕುಗ್ಗುವಾಗ ಗೋಡೆಯೊಡನೆ ಜಗ್ಗಾಡುತ್ತದೆ. ಎಷ್ಟು ಸಲ ಮುಚ್ಚಿದರೂ ಅದು ಮತ್ತೆ ಬರುತ್ತದೆ. ತಾರಸಿಗೆ ಬಿಸಿಲು ತಟ್ಟದಂತೆ ಮಾಡುವುದೇ ಅದಕ್ಕೆ ಮದ್ದು.

ಇಲ್ಲಿಯವರೆಗೆ ಭಯಪಡುವಂಥದ್ದೇನೂ ಇಲ್ಲ. ಈಗ ಹಿಂಬದಿಯ ಯುಟಿಲಿಟಿಗೆ ಬನ್ನಿ. ಅಲ್ಲಿ ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಬ್ಲಾಕಿನ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಸಾಗಿದೆ. ಒಂದು ತುದಿಯಲ್ಲಿ ಎಳೆಯಷ್ಟೇ ಸಣ್ಣದು, ಮೇಲಿನ ತುದಿಯಲ್ಲಿ ಅಗಲ. ಹೊರಗೆ ಹೋಗಿ ನೋಡಿದರೆ ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಅದೇ ಓರೆ ಗೆರೆ. ಹಿಂಬಾಗಿಲು ಚೌಕಟ್ಟಿಗೆ ಉಜ್ಜಲು ಶುರುವಾಗಿದೆ. ಈ ಮೂರೂ ಸೇರಿದರೆ ಅದು ಗಾರೆಯ ಮಾತಲ್ಲ. ಯುಟಿಲಿಟಿಯ ಮೂಲೆ ಕೆಳಗಿಳಿಯುತ್ತಿದೆ. ಕಾರಣ ಹುಡುಕಿದರೆ ತಾರಸಿಯ ಮಳೆನೀರಿನ ಪೈಪು ಆ ಮೂಲೆಯ ಬುಡಕ್ಕೇ ಸುರಿಯುತ್ತಿರಬಹುದು, ಇಲ್ಲವೇ ಪಕ್ಕದಲ್ಲೇ ಸಂಪು ತೋಡಿ ಸರಿಯಾಗಿ ದಿಮ್ಮಸು ಹೊಡೆಯದೆ ಮಣ್ಣು ತುಂಬಿರಬಹುದು. ನೀರನ್ನು ದೂರ ಹರಿಸುವುದು ಮೊದಲ ಕೆಲಸ. ಕುಸಿತ ನಿಂತಿತೋ ಇಲ್ಲವೋ ಎಂದು ನೋಡಿದ ಮೇಲೆಯೇ ದುರಸ್ತಿ.

ಧಾರವಾಡ, ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲಿನ ಗೋಡೆಯ ಬಿರುಕೂ ಋತುವಿನೊಡನೆ ತೆರೆದು ಮುಚ್ಚುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಿರುಕು ಸಣ್ಣದಾಯಿತೆಂದು ನೆಮ್ಮದಿಪಡಬಾರದು.

ಬಿರುಕಿನ ಅಗಲ ಅಳೆಯಲು ಉಪಕರಣವೇ ಬೇಕೆಂದಿಲ್ಲ. ಸಾಮಾನ್ಯ ಬರೆಯುವ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅದರ ಅಂಚೂ ಒಳಗೆ ಹೋಗದಿದ್ದರೆ ಅದು ಕೂದಲೆಳೆ ಬಿರುಕು. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಕಾರ್ಡಿನ ಅಂಚು ಸಲೀಸಾಗಿ ನುಗ್ಗಿದರೆ ವಿಚಾರಿಸಲೇಬೇಕು. ಆದರೆ ಅಗಲವೊಂದನ್ನೇ ನಂಬಬೇಡಿ. ನಿಂತುಹೋದ ಎರಡು ಮಿಲಿಮೀಟರ್ ಬಿರುಕಿಗಿಂತ ದಿನೇದಿನೇ ಬೆಳೆಯುವ ಅರ್ಧ ಮಿಲಿಮೀಟರ್ ಬಿರುಕು ಹೆಚ್ಚು ಅಪಾಯದ್ದು.

ಅನುಮಾನವಿದ್ದಲ್ಲಿ ಹೀಗೆ ಮಾಡಿ. ಮೊದಲು ಬೆರಳಗೆಣ್ಣಿನಿಂದ ಬಿರುಕಿನ ಸುತ್ತ ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯಿಂದ ಬಿಟ್ಟುಕೊಂಡಿದೆ, ಆ ಭಾಗವನ್ನು ಕೆತ್ತಿ ಹೊಸದಾಗಿ ಬಳಿಯಬೇಕು. ಆಮೇಲೆ ಬಿರುಕಿನ ಗುಂಟ ಒಂದು ಗೇಣು ಉದ್ದಕ್ಕೆ ಗಾರೆಯನ್ನು ಉಳಿಯಿಂದ ಕೆತ್ತಿ ಒಳಗೆ ನೋಡಿ. ಹಿಂದಿನ ಬ್ಲಾಕು, ಸಂದಿನ ಸಿಮೆಂಟು ಎರಡೂ ಹಾಗೇ ಇದ್ದರೆ ಬಿರುಕು ಗಾರೆಯದು. ಅಲ್ಲೂ ಗೆರೆ ಮುಂದುವರಿದಿದ್ದರೆ ಗೋಡೆಯದು. ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ, ಇದಕ್ಕೆ ಖರ್ಚೂ ಇಲ್ಲ. ಗೋಡೆಯದೆಂದು ಗೊತ್ತಾದರೆ ಬಿರುಕಿಗೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಸಣ್ಣ ಬಿಲ್ಲೆಯೊಂದನ್ನು ಗೋಡೆಗೇ ಅಂಟಿಸಿ, ಅದರ ಮೇಲೆ ತಾರೀಖು ಬರೆಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬಿಲ್ಲೆ ಒಡೆಯದಿದ್ದರೆ ಚಲನೆ ನಿಂತಿದೆ. ಒಡೆದರೆ ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸಿ. ಆ ತಾರೀಖುಗಳೇ ಅವರಿಗೆ ಅತ್ಯಂತ ಉಪಯುಕ್ತ ಮಾಹಿತಿ.

ಕಾಯಬಾರದ ಬಿರುಕುಗಳೂ ಇವೆ. ಹಳೆಯ ಮನೆಯ ಬಚ್ಚಲ ಸೂರಿನಲ್ಲಿ, ಬಾಲ್ಕನಿಯ ಅಡಿಯಲ್ಲಿ ಸಮಾನಾಂತರವಾಗಿ ಓಡುವ ನೇರ ಬಿರುಕು, ಅದರ ಅಂಚಿಗೆ ಕೆಂಗಂದು ಕಲೆ ಇದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ, ಒಂದು ದಿನ ಹೆಕ್ಕಳೆಯಾಗಿ ಕೆಳಗೆ ಬೀಳುತ್ತದೆ. ಇಂಥದ್ದರ ಮೇಲೆ ಗಾರೆ ಮೆತ್ತುವುದು ರೋಗವನ್ನು ಒಳಗೇ ಬೆಳೆಸಿದಂತೆ. ಬೀಮಿನ ಮೇಲೆ ಪಿಲ್ಲರಿನ ಹತ್ತಿರ ಓರೆಯಾಗಿ ಎದ್ದ ಬಿರುಕು, ಪಿಲ್ಲರಿನಲ್ಲೇ ಕಾಣುವ ಉದ್ದುದ್ದ ಸೀಳು ಇವೂ ಅಷ್ಟೇ ಗಂಭೀರ.

ಗಾರೆಯದೇ ಬಿರುಕೆಂದು ಖಚಿತವಾದರೆ ಅವಸರ ಬೇಡ. ಕುಗ್ಗುವ ಕೆಲಸ ಮುಗಿಯಲಿ, ಒಂದು ಬೇಸಿಗೆ ಕಳೆಯಲಿ. ಆಮೇಲೆ ಧೂಳು ತೆಗೆದು ಎಳೆದರೆ ಹಿಗ್ಗುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ ಪೇಂಟ್ ಮಾಡಿಸಿ. ಸಿಮೆಂಟಿನ ತಿಳಿ ತುಂಬಿದರೆ ಅದೇ ಗೆರೆಯಲ್ಲಿ ಮತ್ತೆ ಬಿಡುತ್ತದೆ. ಪಿಲ್ಲರಿನ ಸಂದಿಗಾದರೆ ಒಂದಡಿ ಅಗಲದ ಪಟ್ಟಿಯಷ್ಟು ಗಾರೆ ಕೆತ್ತಿ, ಜಾಲರಿ ಹಾಕಿ, ಹೊಸದಾಗಿ ಬಳಿದು, ಈ ಸಲವಾದರೂ ಹತ್ತು ದಿನ ನೀರುಣಿಸಿ. ಪೇಂಟರನ್ನು ಕರೆಸುವ ಮೊದಲು ಮನೆಯನ್ನೊಮ್ಮೆ ಒಳಗೂ ಹೊರಗೂ ಸುತ್ತಿ, ಪ್ರತಿ ಬಿರುಕಿನ ಫೋಟೋ ತೆಗೆದು ತಾರೀಖು ಬರೆದಿಡಿ. ಓರೆಯಾದದ್ದು, ಎರಡೂ ಬದಿಗೆ ಕಾಣುವುದು, ತುಕ್ಕಿನ ಕಲೆಯಿರುವುದು, ಬೀಮು–ಪಿಲ್ಲರಿನ ಮೇಲಿರುವುದು ಇವುಗಳಲ್ಲಿ ಒಂದು ಕಂಡರೂ ಎಂಜಿನಿಯರ್ ನೋಡುವವರೆಗೆ ಪುಟ್ಟಿ ಹಚ್ಚಿಸಬೇಡಿ.