ಕೆರಿಯರ್ ಗ್ಯಾಪ್‌ಗೆ ಕಾರಣ ಅನಾರೋಗ್ಯವಾದರೆ ಎಚ್‌ಆರ್‌ಗೆ ಬರೆಯುವ ಮೇಲ್

‘ನಿಮ್ಮ ರೆಸ್ಯೂಮೆಯಲ್ಲಿ 2023ರ ಮೇ ನಂತರ ಯಾವ ಕೆಲಸವೂ ಕಾಣುತ್ತಿಲ್ಲ. ದಯವಿಟ್ಟು ವಿವರ ಕಳಿಸಿ.’ ಅರ್ಜಿ ಹಾಕಿದ ಕೆಲವು ದಿನಗಳಲ್ಲಿ ಎಚ್‌ಆರ್ ವಿಭಾಗದಿಂದ ಇಂಥ ಒಂದು ಸಾಲು ಬರುತ್ತದೆ. ಕಾಯಿಲೆಯಿಂದ ಎದ್ದು ಬಂದವರಿಗೆ ಇದನ್ನು ಓದಿದಾಗ ತಾವು ಯಾವುದೋ ತಪ್ಪಿಗೆ ಸಮಜಾಯಿಷಿ ಕೊಡಬೇಕೇನೋ ಅನ್ನಿಸುತ್ತದೆ. ಒಂದೋ ಮೊದಲ ಜ್ವರದಿಂದ ಹಿಡಿದು ಡಿಸ್ಚಾರ್ಜ್ ಆದ ದಿನದವರೆಗಿನ ಕಥೆಯನ್ನೆಲ್ಲ ಬರೆಯುತ್ತಾರೆ, ಇಲ್ಲವೇ ‘ವೈಯಕ್ತಿಕ ಕಾರಣ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. ಎರಡರಿಂದಲೂ ಕೇಳಿದವರಿಗೆ ಬೇಕಾದ ಉತ್ತರ ಸಿಗುವುದಿಲ್ಲ.

ಕೇಳಿದವರಿಗೆ ಬೇಕಾಗಿರುವುದು ಮೂರೇ ಸಂಗತಿ. ಬಿಟ್ಟದ್ದೇಕೆ? ಆ ಕಾರಣ ಈಗ ತೀರಿದೆಯೆ? ಇಷ್ಟು ದಿನ ದೂರವಿದ್ದವರಿಗೆ ಕೆಲಸ ಕೈಯಲ್ಲಿ ಉಳಿದಿದೆಯೆ? ಮೊದಲನೆಯದಕ್ಕೆ ಒಂದು ವಾಕ್ಯ ಸಾಕು, ಎರಡನೆಯದಕ್ಕೂ ಒಂದೇ. ನೇಮಕದ ತೀರ್ಮಾನ ನಿಂತಿರುವುದು ಮೂರನೆಯದರ ಮೇಲೆ, ಆದ್ದರಿಂದ ಮೇಲ್‌ನ ಹೆಚ್ಚಿನ ಜಾಗ ಅದಕ್ಕೇ ಸಲ್ಲಬೇಕು. ಸಾಮಾನ್ಯವಾಗಿ ಜನ ಬರೆಯುವುದು ಇದಕ್ಕೆ ತಿರುಗುಮುರುಗಾಗಿ: ಕಾಯಿಲೆಗೆ ಹತ್ತು ಸಾಲು, ಕೆಲಸಕ್ಕೆ ಕೊನೆಯಲ್ಲಿ ಅರ್ಧ ಸಾಲು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಆರು ವರ್ಷ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡಿದ ಮಹಿಳೆಯೊಬ್ಬರು 2023ರ ಮೇ ತಿಂಗಳಲ್ಲಿ ಕೆಲಸ ಬಿಟ್ಟಿದ್ದಾರೆ. ಬೆನ್ನುಮೂಳೆಯ ಕ್ಷಯ ಅವರ ಕಾಯಿಲೆ. ಅದು ದೀರ್ಘ ಚಿಕಿತ್ಸೆ ಬೇಡುತ್ತದೆ, ಆಮೇಲೆ ಬಲ ಕೂಡಿಕೊಳ್ಳಲು ಇನ್ನಷ್ಟು ಕಾಲ ಬೇಕು. 2024ರ ನವೆಂಬರ್‌ನಲ್ಲಿ ಅವರು ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಹಾಕಿದ್ದಾರೆ, ಮೇಲಿನ ಪ್ರಶ್ನೆ ಬಂದಿದೆ. ಮೊದಲ ಕರಡು ಹೀಗಿತ್ತು ಎಂದಿಟ್ಟುಕೊಳ್ಳಿ:

‘ಮಾನ್ಯರೆ, ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆಯಿರಲಿ. ದುರದೃಷ್ಟವಶಾತ್ ನನಗೆ ಬೆನ್ನುಮೂಳೆಯ ಟಿ.ಬಿ. ಆಗಿತ್ತು. ಮೊದಲು ಬರೀ ಬೆನ್ನುನೋವು ಎಂದುಕೊಂಡೆವು. ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಯಿತು. ಬಹಳ ಕಷ್ಟದ ದಿನಗಳು. ಈಗ ಬಹುಮಟ್ಟಿಗೆ ಹುಷಾರಾಗಿದ್ದೇನೆ. ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿದ್ದೇನೆ. ದಯವಿಟ್ಟು ನನಗೊಂದು ಅವಕಾಶ ಕೊಡಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ‘ಬಹುಮಟ್ಟಿಗೆ ಹುಷಾರು’ ಎಂಬ ಮಾತು ‘ಇನ್ನೂ ಪೂರ್ತಿ ಹುಷಾರಿಲ್ಲ’ ಎಂದೇ ಕೇಳಿಸುತ್ತದೆ. ಟಿ.ಬಿ. ಎಂಬ ಹೆಸರು ಕಂಡೊಡನೆ ‘ಆಫೀಸಿನಲ್ಲಿ ಬೇರೆಯವರಿಗೆ ಅಂಟೀತೆ’ ಎಂಬ ಶಂಕೆ ಏಳುತ್ತದೆ. ಬೆನ್ನುಮೂಳೆಯ ಕ್ಷಯ ಶ್ವಾಸಕೋಶದ ಕ್ಷಯದ ಹಾಗೆ ಕೆಮ್ಮಿನಿಂದ ಹರಡುವಂಥದ್ದಲ್ಲ, ಆದರೆ ಅದನ್ನು ವಿವರಿಸಲು ಮೇಲ್‌ನಲ್ಲಿ ಜಾಗವಿಲ್ಲ, ಓದುವವರಿಗೆ ವ್ಯವಧಾನವೂ ಇಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಹಳೆಯ ಕಾಯಿಲೆಗಳು, ಔಷಧಿಗಳ ಪಟ್ಟಿ, ಕೆಲವೊಮ್ಮೆ ಮನೆಯವರ ಆರೋಗ್ಯದ ಚರಿತ್ರೆಯೂ ಇರುತ್ತದೆ. ಎಚ್‌ಆರ್‌ಗೆ ಹೋದ ಮೇಲ್ ಅಲ್ಲಿಗೇ ನಿಲ್ಲುವುದೂ ಇಲ್ಲ. ಅದು ಮ್ಯಾನೇಜರ್‌ಗೆ, ಸಂದರ್ಶನ ಮಾಡುವವರಿಗೆ ಫಾರ್ವರ್ಡ್ ಆಗುತ್ತದೆ. ನಾಳೆ ಪಕ್ಕದ ಕುರ್ಚಿಯಲ್ಲಿ ಕೂರುವವರು ಓದಿದರೆ ಮುಜುಗರವಾಗುವ ಯಾವುದನ್ನೂ ಅದರಲ್ಲಿ ಬರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟು ಸಾಲುಗಳಲ್ಲಿ ಲೆಕ್ಕಪತ್ರದ ಬಗ್ಗೆ ಒಂದು ಪದವೂ ಇಲ್ಲ.

ಅದೇ ವ್ಯಕ್ತಿ, ಅದೇ ಸತ್ಯ, ಬೇರೆ ಮೇಲ್:

ವಿಷಯ: ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆ – ನೀವು ಕೇಳಿದ ವಿವರ

ಮಾನ್ಯರೆ,

2023ರ ಮೇ ತಿಂಗಳಿಂದ 2024ರ ಅಕ್ಟೋಬರ್‌ವರೆಗೆ ಆರೋಗ್ಯದ ಕಾರಣ ಕೆಲಸ ಬಿಟ್ಟು ಚಿಕಿತ್ಸೆ ಪಡೆಯುತ್ತಿದ್ದೆ. ಚಿಕಿತ್ಸೆ ಮುಗಿದಿದೆ, ಪೂರ್ಣಾವಧಿ ಕೆಲಸಕ್ಕೆ ಮರಳಬಹುದೆಂದು ವೈದ್ಯರು ಬರೆದುಕೊಟ್ಟಿದ್ದಾರೆ.

ಕೊನೆಯ ಮೂರು ತಿಂಗಳು ಮನೆಯಲ್ಲೇ ಟ್ಯಾಲಿಯಲ್ಲಿ ಅಭ್ಯಾಸ ಮುಂದುವರಿಸಿದೆ. ಇ-ಇನ್‌ವಾಯ್ಸ್ ವಹಿವಾಟು ಮಿತಿ 5 ಕೋಟಿಗೆ ಇಳಿದದ್ದು, ಸಣ್ಣ ಉದ್ದಿಮೆಗಳ ಬಾಕಿ ಪಾವತಿಗೆ ಸಂಬಂಧಿಸಿದ 43ಬಿ(ಎಚ್) ನಿಯಮ ಮತ್ತು ಜಿಎಸ್‌ಟಿ ಪೋರ್ಟಲ್‌ನ ಹೊಸ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಈ ಮೂರನ್ನೂ ಅಭ್ಯಾಸ ಮಾಡಿದ್ದೇನೆ. ಹಿಂದಿನ ಕೆಲಸದಲ್ಲಿ ಪ್ರತಿ ತಿಂಗಳ ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕ್ ತಾಳೆ ನನ್ನ ಜವಾಬ್ದಾರಿಯಾಗಿತ್ತು.

ಮುಂದಿನ ವಾರ ಯಾವ ದಿನವಾದರೂ ಸಂದರ್ಶನಕ್ಕೆ ಬರಬಲ್ಲೆ. ನೋಟಿಸ್ ಪೀರಿಯಡ್ ಇಲ್ಲ, ತಕ್ಷಣ ಸೇರಬಲ್ಲೆ.

ವಂದನೆಗಳೊಂದಿಗೆ,
(ಹೆಸರು, ಫೋನ್ ಸಂಖ್ಯೆ)

ಇಂಗ್ಲಿಷಿನಲ್ಲಿ ಬರೆಯುವುದಾದರೂ ಕ್ರಮ ಇದೇ. ‘ಅನ್‌ಫಾರ್ಚುನೇಟ್ಲಿ’, ‘ಸಾರಿ’, ‘ಕೈಂಡ್ಲಿ ಕನ್ಸಿಡರ್ ಮೈ ಸಿಚುಯೇಷನ್’ – ಈ ಮೂರನ್ನು ಹುಡುಕಿ ಅಳಿಸಿದರೆ ಅರ್ಧ ತಿದ್ದುಪಡಿ ಆದಂತೆಯೇ. ವಿಷಯದ ಸಾಲಿನಲ್ಲಿ ಆರೋಗ್ಯದ ಮಾತಿಲ್ಲ ಎಂಬುದನ್ನು ಗಮನಿಸಿ. ಇನ್‌ಬಾಕ್ಸ್ ತೆರೆದ ಯಾರಿಗೇ ಆದರೂ ಮೊದಲು ಕಾಣುವುದು ಆ ಸಾಲು.

ಮೊದಲ ವಾಕ್ಯದಲ್ಲಿ ಬಿಟ್ಟ ತಿಂಗಳು, ಮುಗಿದ ತಿಂಗಳು ಎರಡೂ ಇವೆ. ‘ಕೆಲವು ಕಾಲ’ ಎಂದು ಬರೆದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಎರಡನೆಯದರಲ್ಲಿ ‘ನಾನು ಹುಷಾರಾಗಿದ್ದೇನೆ’ ಎಂದು ತಾನೇ ಹೇಳಿಕೊಳ್ಳುವ ಬದಲು ವೈದ್ಯರ ಮಾತಿದೆ. ಇದಕ್ಕೆ ಆಧಾರ ಚಿಕಿತ್ಸೆ ಕೊಟ್ಟ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್. ಕಾಯಿಲೆಯ ಹೆಸರು ಬರೆಯದೆ, ಇಂಥ ದಿನಾಂಕದಿಂದ ಕೆಲಸಕ್ಕೆ ಯೋಗ್ಯ ಎಂದಷ್ಟೇ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು. ಮೇಲ್ ಕಳಿಸುವ ಮೊದಲೇ ಅದು ಕೈಯಲ್ಲಿರಬೇಕು, ಆದರೆ ಕೇಳುವವರೆಗೆ ಲಗತ್ತಿಸಬೇಕಿಲ್ಲ.

ಮೇಲ್‌ಗೆ ತೂಕ ಬರುವುದು ಎರಡನೆಯ ಪ್ಯಾರಾದಿಂದ. ‘ಹೊಸ ವಿಷಯಗಳನ್ನು ಕಲಿಯುತ್ತಿದ್ದೆ’ ಎಂದು ಯಾರು ಬೇಕಾದರೂ ಬರೆಯಬಹುದು. ಇವರು ತಾವು ದೂರವಿದ್ದಾಗ ತಮ್ಮ ವೃತ್ತಿಯಲ್ಲಿ ಏನೇನು ಬದಲಾಯಿತು ಎಂದು ಹುಡುಕಿ ಬರೆದಿದ್ದಾರೆ. 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಮಿತಿ 10 ಕೋಟಿಯಿಂದ 5 ಕೋಟಿಗೆ ಇಳಿಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಕಳೆಯಲು ಬಿಡುವ 43ಬಿ(ಎಚ್) ನಿಯಮ 2023–24ರ ಲೆಕ್ಕಕ್ಕೆ ಮೊದಲ ಬಾರಿ ಅನ್ವಯವಾಯಿತು. ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ ಪೋರ್ಟಲ್‌ಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಓದುವ ಅಕೌಂಟ್ಸ್ ಮ್ಯಾನೇಜರ್‌ಗೆ ಇವೆಲ್ಲ ದಿನದ ತಲೆನೋವುಗಳು. ಅವುಗಳ ಹೆಸರು ಕಂಡಾಗ ಗ್ಯಾಪ್‌ನ ಮಾತು ಹಿಂದೆ ಸರಿದು ಕೆಲಸದ ಮಾತು ಶುರುವಾಗುತ್ತದೆ. ನರ್ಸ್, ಶಿಕ್ಷಕ, ಪ್ರೋಗ್ರಾಮರ್ ಯಾರೇ ಆಗಲಿ, ತಮ್ಮ ಕ್ಷೇತ್ರದಲ್ಲಿ ಆ ಅವಧಿಯಲ್ಲಿ ಬಂದ ಎರಡು ಮೂರು ಬದಲಾವಣೆಗಳನ್ನು ಹೀಗೆ ಹುಡುಕಬಹುದು. ಆದರೆ ಬರೆದದ್ದರ ಮೇಲೆ ಸಂದರ್ಶನದಲ್ಲಿ ಪ್ರಶ್ನೆ ಬಂದೇ ಬರುತ್ತದೆ, ಆದ್ದರಿಂದ ನಿಜವಾಗಿ ಓದದ್ದನ್ನು ಬರೆಯಬಾರದು.

ಕೊನೆಯ ಸಾಲು ಗ್ಯಾಪ್ ಇರುವವರ ಕೈಯಲ್ಲಿರುವ ಅನುಕೂಲ. ನಮ್ಮಲ್ಲಿ ಅನೇಕ ಕಂಪನಿಗಳ ನೋಟಿಸ್ ಪೀರಿಯಡ್ ಎರಡು ಮೂರು ತಿಂಗಳಿನದು. ಹುದ್ದೆ ಖಾಲಿ ಬಿದ್ದಿರುವಾಗ ತಕ್ಷಣ ಸೇರಬಲ್ಲವರಿಗೆ ಬೆಲೆಯಿದೆ. ಅವಕಾಶ ಕೊಡಿ ಎಂದು ಬೇಡುವುದಕ್ಕಿಂತ ಇದನ್ನು ಹೇಳುವುದು ಮೇಲು.

ಕಾಯಿಲೆಯ ಹೆಸರನ್ನು ಎಂದೂ ಹೇಳಬಾರದೆಂದಲ್ಲ. ಮುಗಿದುಹೋದ ಒಂದು ಘಟನೆಯಾಗಿದ್ದರೆ, ಉದಾಹರಣೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದರೆ, ಹೆಸರು ಹೇಳುವುದರಿಂದ ಓದುವವರ ಊಹೆ ನಿಲ್ಲುತ್ತದೆ. ಮರುಕಳಿಸಬಹುದೆಂದು ಜನ ನಂಬುವ ಅಥವಾ ಕಳಂಕ ಅಂಟಿಕೊಂಡಿರುವ ಕಾಯಿಲೆಗಳ ವಿಷಯದಲ್ಲಿ ಹೆಸರೇ ಹತ್ತು ಪ್ರಶ್ನೆಗಳನ್ನು ತರುತ್ತದೆ. ಖಾಸಗಿ ಉದ್ಯೋಗದಾತರು ಸಂದರ್ಶನದಲ್ಲಿ ಆರೋಗ್ಯದ ಬಗ್ಗೆ ಕೇಳಲೇಬಾರದು ಎನ್ನುವ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಎಚ್‌ಐವಿ ವಿಷಯದಲ್ಲಿ ಮಾತ್ರ 2017ರ ಕಾಯ್ದೆ ಸ್ಪಷ್ಟವಾಗಿದೆ: ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಒಡ್ಡುವಂತಿಲ್ಲ. ಅಮೆರಿಕದಲ್ಲಿ 1990ರ ವಿಕಲಾಂಗರ ಕಾಯ್ದೆ, ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಆಫರ್‌ಗೆ ಮುಂಚೆ ಇಂಥ ಪ್ರಶ್ನೆ ಕೇಳುವುದನ್ನು ಬಹುಮಟ್ಟಿಗೆ ತಡೆಯುತ್ತವೆ. ಅಲ್ಲಿ ಕೆಲಸ ಹುಡುಕುವ ಕನ್ನಡಿಗರಿಗೆ ‘ಆರೋಗ್ಯದ ಕಾರಣ, ಈಗ ತೀರಿದೆ’ ಎಂಬಲ್ಲಿಗೆ ನಿಲ್ಲಿಸಲು ಇನ್ನೂ ಹೆಚ್ಚಿನ ಆಸರೆಯಿದೆ.

ಚಿಕಿತ್ಸೆ ಮುಂದುವರಿಯುತ್ತಿದ್ದರೆ ‘ಮುಗಿದಿದೆ’ ಎಂದು ಬರೆಯಬಾರದು. ‘ಆರೋಗ್ಯ ಹತೋಟಿಯಲ್ಲಿದೆ, ಪೂರ್ಣಾವಧಿ ಕೆಲಸಕ್ಕೆ ವೈದ್ಯರ ಒಪ್ಪಿಗೆಯಿದೆ’ ಎಂಬುದು ನಿಜವಾಗಿದ್ದರೆ ಅದನ್ನೇ ಬರೆಯಬೇಕು. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವುದನ್ನು ಹೇಳಬೇಕಿಲ್ಲ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾಗಿದ್ದರೆ ಆಫರ್ ಬಂದ ಮೇಲೆ, ಸೇರುವ ದಿನಾಂಕ ಒಪ್ಪಿಕೊಳ್ಳುವ ಮುನ್ನ, ಬೇಕಾದ ಸಮಯದ ಹೊಂದಾಣಿಕೆಯನ್ನು ಕೇಳುವುದು ಸರಿ. ವಾಹನ ಚಾಲನೆಯಂಥ ಕೆಲಸಗಳಲ್ಲಿ, ಹಾಗೂ ಆಫರ್ ನಂತರದ ವೈದ್ಯಕೀಯ ಫಾರ್ಮ್‌ಗಳಲ್ಲಿ ನೇರವಾಗಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆದರೆ ಅದೇ ಮುಂದೆ ಕೆಲಸ ಕಳೆಯಬಹುದು.

ಗ್ಯಾಪ್ ಮುಚ್ಚಲು ‘ಫ್ರೀಲ್ಯಾನ್ಸ್’ ಎಂದು ಬರೆಯುವ ಉಪಾಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬೀಳುತ್ತದೆ. ಪಿಎಫ್‌ನ ಯುಎಎನ್ ಸಂಖ್ಯೆಯಡಿ ಪ್ರತಿ ಕಂಪನಿಗೆ ಸೇರಿದ ಮತ್ತು ಬಿಟ್ಟ ದಿನಾಂಕ ಇರುತ್ತದೆ. ಫ್ರೀಲ್ಯಾನ್ಸ್ ಎಂದವರನ್ನು ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅನಾರೋಗ್ಯದ ಗ್ಯಾಪ್ ಸಮಸ್ಯೆಯಾಗದಿದ್ದರೂ ಸುಳ್ಳು ವಿವರ ಆಫರ್ ಅನ್ನು ರದ್ದು ಮಾಡಿಸಬಹುದು. ಮೇಲ್ ಬರೆಯುವಾಗ ಯುಎಎನ್ ಪುಟ, ರಿಲೀವಿಂಗ್ ಲೆಟರ್, ರೆಸ್ಯೂಮೆ, ಲಿಂಕ್ಡ್‌ಇನ್ ನಾಲ್ಕರಲ್ಲೂ ತಿಂಗಳು ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು.

ಮೇಲ್ ಆದ ಮೇಲೆ ಫೋನ್ ಬರುತ್ತದೆ. ‘ಏನಾಗಿತ್ತು ಮೇಡಂ?’ ಎಂದು ಕೇಳುತ್ತಾರೆ, ಎಷ್ಟೋ ಸಲ ಬರೀ ಕುತೂಹಲಕ್ಕೆ. ಆಗಲೂ ಮೇಲ್‌ನ ಮಾತೇ ಸಾಕು: ‘ಆರೋಗ್ಯದ ಸಮಸ್ಯೆ ಇತ್ತು ಸರ್, ಚಿಕಿತ್ಸೆ ಮುಗಿದಿದೆ, ಡಾಕ್ಟರ ಸರ್ಟಿಫಿಕೇಟ್ ಇದೆ. ನಿಮ್ಮಲ್ಲಿ ತಿಂಗಳಿಗೆ ಎಷ್ಟು ಇನ್‌ವಾಯ್ಸ್ ಆಗುತ್ತವೆ?’ ಮತ್ತೆ ಕೆದಕಿದರೆ ‘ವಿವರ ಖಾಸಗಿ, ಕೆಲಸಕ್ಕೆ ಅಡ್ಡಿಯಿಲ್ಲ’ ಎನ್ನಬಹುದು. ಕಳಿಸಿದ ಮೇಲ್‌ನ ಪ್ರತಿಯನ್ನು ಕಾಣುವಂತೆ ಇಟ್ಟುಕೊಳ್ಳಿ. ಮುಂದೆ ವೆರಿಫಿಕೇಷನ್ ಫಾರ್ಮ್‌ನಲ್ಲಿ ‘ಗ್ಯಾಪ್‌ಗೆ ಕಾರಣ’ ಎಂಬ ಅಂಕಣ ಬಂದಾಗ ಅದೇ ತಿಂಗಳು, ಅದೇ ಪದಗಳನ್ನು ತುಂಬಬೇಕು.