ಒಂದೇ ಚೀಟಿಯಿಂದ ಮಧುಮೇಹದ ತೀರ್ಪು ಸಲ್ಲದು

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಮರಣವಾರ್ತೆಗಳನ್ನು ಕೇಳಿ ಭಯಗೊಂಡ ಜನರು ಪರೀಕ್ಷೆಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತದ್ದು ವಾಚಕರ ನೆನಪಿನಲ್ಲಿರಬಹುದು. ರೋಗಲಕ್ಷಣವೇನೂ ಇಲ್ಲದವರು ಹೀಗೆ ಗುಂಪುಗುಂಪಾಗಿ ರಕ್ತಪರೀಕ್ಷೆ ಮಾಡಿಸಿಕೊಂಡಾಗ ಕೆಲವರ ಸಕ್ಕರೆಯು ಮೇರೆಯನ್ನು ತುಸು ಮೀರಿ ಕಾಣುವುದು ಸಹಜ. ಆ ಒಂದು ಚೀಟಿಯನ್ನು ಹಿಡಿದು ಮನುಷ್ಯನನ್ನು ಆಜೀವ ರೋಗಿಯೆಂದು ಸಾರುವುದು ವೈದ್ಯಶಾಸ್ತ್ರಕ್ಕೆ ಸಮ್ಮತವಲ್ಲ.

ಅರಕಲಗೂಡು ತಾಲ್ಲೂಕಿನ ಗೃಹಸ್ಥರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅವರಿಗೆ ಅತಿಯಾದ ಬಾಯಾರಿಕೆಯಿಲ್ಲ, ಬಹುಮೂತ್ರವಿಲ್ಲ, ಮೈ ಇಳಿದಿಲ್ಲ. ಎಂಟು ಗಂಟೆಗಳ ಉಪವಾಸದ ತರುವಾಯ ತೋಳಿನ ನಾಳದಿಂದ ತೆಗೆದ ರಕ್ತದಲ್ಲಿ, ಡೆಸಿಲೀಟರಿಗೆ 131 ಮಿಲಿಗ್ರಾಂ ಸಕ್ಕರೆ ಕಂಡಿತು. ಮಧುಮೇಹಕ್ಕೆ ನಿಗದಿಯಾದ ಮೇರೆ 126. ಹಾಗಾದರೆ ಸಂದೇಹವೇಕೆ?

ಒಬ್ಬನೇ ವ್ಯಕ್ತಿಯ ಉಪವಾಸದ ಸಕ್ಕರೆಯು ದಿನದಿಂದ ದಿನಕ್ಕೆ ನೂರಕ್ಕೆ ಐದಾರರಷ್ಟು ಏರಿಳಿಯುವುದುಂಟು. ಸರಾಸರಿ 124 ಇರುವವನಿಗೆ ಒಂದು ಬೆಳಗ್ಗೆ 131 ಬರುವುದು ಅಸಂಭವವಲ್ಲ. ಜ್ವರ, ಸೋಂಕು, ಸ್ಟೀರಾಯ್ಡ್ ಔಷಧಿ, ಇಲ್ಲವೆ ಮರೆತು ಕುಡಿದ ಕಾಫಿ, ಇವೂ ಲೆಕ್ಕವನ್ನು ಏರಿಸುತ್ತವೆ.

ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗಬಹುದು. ರಕ್ತಕಣಗಳು ಕೊಳವೆಯೊಳಗೂ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಚನ್ನರಾಯಪಟ್ಟಣದಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ತೆಗೆದ ರಕ್ತವನ್ನು ಕಣಗಳಿಂದ ಬೇರ್ಪಡಿಸದೆ ಹಾಸನಕ್ಕೆ ಕಳುಹಿಸಿದರೆ, ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಕರಗುತ್ತದೆ. ಎರಡು ಗಂಟೆ ತಡವಾದರೆ 131 ಎಂಬುದು 116ರ ಸುಮಾರಿಗೆ ಇಳಿದು, ನಿಜವಾದ ರೋಗವು ಮರೆಯಾದೀತು. ಫ್ಲೋರೈಡ್ ಬೆರೆಸಿದ ಕೊಳವೆಯೂ ಮೊದಲ ಒಂದೆರಡು ಗಂಟೆ ಈ ನಷ್ಟವನ್ನು ಪೂರ್ತಿ ತಡೆಯಲಾರದು. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಶಂಕೆಯನ್ನು ಸೂಚಿಸಲಷ್ಟೇ ಸಾಕು, ತೀರ್ಪಿಗೆ ಸಾಲದು.

ಆದಕಾರಣ ಎರಡನೆಯ ಸಾಕ್ಷ್ಯ ಬೇಕು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಅದೇ ದಿನದ ರಕ್ತದಲ್ಲಿ ಮಾಡಿ 6.5 ಅಥವಾ ಹೆಚ್ಚು ಬಂದರೆ ರೋಗವು ಸ್ಥಿರಪಟ್ಟಿತು. 5.9 ಬಂದರೆ, ಮೇರೆ ಮೀರಿದ್ದ ಉಪವಾಸದ ಪರೀಕ್ಷೆಯನ್ನೇ ಬೇರೊಂದು ದಿನ, ತಡಮಾಡದೆ, ಪುನಃ ಮಾಡತಕ್ಕದ್ದು. ಆಗ 129 ಬಂದರೆ ಮಧುಮೇಹ. 118 ಬಂದರೆ ಮಧುಮೇಹಪೂರ್ವ ಸ್ಥಿತಿಯೆಂದು ತಿಳಿದು ವರ್ಷಕ್ಕೊಮ್ಮೆ ನೋಡಿಸಿಕೊಳ್ಳತಕ್ಕದ್ದು. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯು ಎಚ್‌ಬಿಎ1ಸಿಯನ್ನು ಸುಳ್ಳಾಗಿ ಏರಿಸಬಲ್ಲುದು. ಅಂಥವರಲ್ಲಿ ಸಕ್ಕರೆಯ ನೇರ ಪರೀಕ್ಷೆಯನ್ನೇ ನಂಬಬೇಕು.

ಇದಕ್ಕೊಂದು ಅಪವಾದವುಂಟು. ಬಾಯಾರಿಕೆ, ಬಹುಮೂತ್ರ, ತೂಕದ ಇಳಿತ ಸ್ಪಷ್ಟವಾಗಿದ್ದು ಯಾವುದೇ ವೇಳೆಯ ಸಕ್ಕರೆಯು 200ಕ್ಕೆ ಮುಟ್ಟಿದರೆ ಎರಡನೆಯ ಚೀಟಿಗಾಗಿ ಕಾಯುತ್ತ ಚಿಕಿತ್ಸೆಯನ್ನು ತಡೆಯುವುದು ಅಪಾಯಕರ.

ರಕ್ತ ತೆಗೆದ ವೇಳೆ, ಪರೀಕ್ಷಿಸಿದ ವೇಳೆ, ಉಪವಾಸದ ಅವಧಿ, ಈ ಮೂರನ್ನೂ ಪ್ರತಿಯೊಂದು ಚೀಟಿಯ ಮೇಲೆ ಬರೆಯುವ ಕ್ರಮವನ್ನು ತಾಲ್ಲೂಕು ಆಸ್ಪತ್ರೆಗಳೂ ಖಾಸಗಿ ಪ್ರಯೋಗಶಾಲೆಗಳೂ ಪಾಲಿಸಲಿ. ಇದಕ್ಕೆ ಖರ್ಚೇನೂ ಇಲ್ಲ. ಇವಿಲ್ಲದ ಅಂಕಿಯಿಂದ ವೈದ್ಯರು ನ್ಯಾಯವಾದ ತೀರ್ಮಾನಕ್ಕೆ ಬರುವುದು ಕಷ್ಟ.