ಹರಳಿನ ಒಡವೆಯಲ್ಲಿ ಚಿನ್ನ ಎಷ್ಟು?

ಹರಳಿನ ಒಡವೆ ಕೊಳ್ಳುವವರ ಕಣ್ಣೆಲ್ಲ ತೂಕದ ಯಂತ್ರದ ಮೇಲೆಯೇ ಇರುತ್ತದೆ. ಒಡವೆಯನ್ನು ತಟ್ಟೆಯ ಮೇಲಿಟ್ಟು, ಗಾಜಿನ ಮುಚ್ಚಳ ಎಳೆದು, ಓಡುವ ಅಂಕಿಗಳು ನಿಲ್ಲುವ ತನಕ ನೋಡುತ್ತಾರೆ. ನೋಡಲೇಬೇಕು ಕೂಡ. ಆದರೆ ಹಣ ದೊಡ್ಡ ಮಟ್ಟದಲ್ಲಿ ಹೆಚ್ಚುಕಡಿಮೆಯಾಗುವುದು ಆ ಅಂಕಿ ನಿಂತ ಮೇಲೆ. ಒಟ್ಟು ತೂಕದಿಂದ ಹರಳಿಗೆ ಇಷ್ಟು, ಅರಗಿಗೆ ಇಷ್ಟು ಎಂದು ಕಳೆಯುತ್ತಾರಲ್ಲ, ಅಂಗಡಿಯ ಮಾತಿನಲ್ಲಿ ‘ಲೆಸ್’, ಆ ಅಂಕಿಯನ್ನು ಯಾವ ಯಂತ್ರವೂ ಗಿರಾಕಿಯ ಎದುರು ತೂಗಿರುವುದಿಲ್ಲ. ಹೀಗಾಗಿ ಚಿನ್ನದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಆ ‘ಲೆಸ್’ ಎಲ್ಲಿಂದ ಬಂತು ಎಂಬುದು.

ಕೆಂಪು ಹರಳಿನ ಒಂದು ಪದಕವನ್ನೇ ತೆಗೆದುಕೊಳ್ಳೋಣ. ಹಿಂಭಾಗ ಮುಚ್ಚಿದ ಹಳೆಯ ಶೈಲಿಯದು. ಅಕ್ಕಸಾಲಿಗರು ಮೊದಲು ಚಿನ್ನದ ಚೌಕಟ್ಟನ್ನು ಮಾಡಿ, ಹರಳು ಕೂರಬೇಕಾದ ಗೂಡುಗಳನ್ನು ಬೆಸುಗೆ ಹಾಕುತ್ತಾರೆ. ಗೂಡಿನೊಳಗೆ ಬಿಸಿ ಮಾಡಿದ ಅರಗು ತುಂಬುತ್ತಾರೆ. ಅದರ ಮೇಲೆ ಹೊಳೆಯುವ ತೆಳು ಹಾಳೆ, ಹಾಳೆಯ ಮೇಲೆ ಹರಳು, ಕೊನೆಗೆ ಗೂಡಿನ ಅಂಚನ್ನು ಹರಳಿನ ಮೇಲಕ್ಕೆ ಒತ್ತಿ ಬಿಗಿಯುತ್ತಾರೆ. ಅರಗು ಇಲ್ಲದಿದ್ದರೆ ಹರಳಿಗೆ ಆಸರೆಯಿಲ್ಲ, ತೆಳ್ಳಗಿನ ತಗಡು ಸಣ್ಣ ಪೆಟ್ಟಿಗೂ ನೆಗ್ಗುತ್ತದೆ. ಟೊಳ್ಳು ಗುಂಡುಗಳ ಸರದಲ್ಲಿ, ಜುಮುಕಿಯಲ್ಲಿ ಮೇಣ ಅಥವಾ ಅರಗು ತುಂಬುವುದೂ ಇದೇ ಕಾರಣಕ್ಕೆ. ಆದ್ದರಿಂದ ಒಡವೆಯೊಳಗೆ ಅರಗಿದ್ದ ಮಾತ್ರಕ್ಕೆ ಮೋಸ ಎನ್ನಲಾಗದು. ಅದನ್ನು ಚಿನ್ನದ ಬೆಲೆಗೆ ಮಾರಿದಾಗ ಮಾತ್ರ ಅದು ಮೋಸ.

ಈಗ ಲೆಕ್ಕ. ಪದಕದ ಒಟ್ಟು ತೂಕ 24.860 ಗ್ರಾಂ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂರು ಮಿಲಿಮೀಟರ್ ಅಗಲದ 40 ಕೆಂಪು ಹರಳುಗಳು, ಒಂದೊಂದೂ ಸುಮಾರು 0.024 ಗ್ರಾಂ. ಅಲ್ಲಿಗೆ ಹರಳಿನ ತೂಕ 0.960 ಗ್ರಾಂ. ಗೂಡುಗಳಲ್ಲಿರುವ ಅರಗು 1.100 ಗ್ರಾಂ. ಎರಡನ್ನೂ ಕಳೆದರೆ ಚಿನ್ನ 22.800 ಗ್ರಾಂ. ಅಂಗಡಿಯವರು ಹರಳನ್ನು ಮಾತ್ರ ಕಳೆದು ಅರಗನ್ನು ಬಿಟ್ಟರೆ ಬಿಲ್ಲಿನಲ್ಲಿ ಚಿನ್ನ 23.900 ಆಗುತ್ತದೆ. ಲೆಕ್ಕದ ಅನುಕೂಲಕ್ಕೆ ಗ್ರಾಂಗೆ 10,000 ರೂಪಾಯಿ ಹಿಡಿದರೆ ಅರಗಿಗೆ ಕೊಟ್ಟದ್ದು 11,000. ಅದರ ಮೇಲೆ ಶೇ 12ರ ವೇಸ್ಟೇಜ್, ಮತ್ತೆ ಶೇ 3ರ ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 12,700 ರೂಪಾಯಿ. ಇಷ್ಟೂ ಆಗಿದ್ದು ಯಂತ್ರ ಒಂದು ಮಿಲಿಗ್ರಾಂ ಕೂಡ ತಪ್ಪು ತೋರಿಸದೆ! ಹರಳಿಗೆ ಬೇರೆಯಾಗಿ ಕ್ಯಾರೆಟ್ ಲೆಕ್ಕದಲ್ಲಿ ಬೆಲೆ ಹಾಕಿದ್ದರೆ ಇನ್ನೊಂದು ತಾಳೆಯೂ ಸಾಧ್ಯ. ಹರಳಿನ ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಚಿನ್ನದ ಶುದ್ಧತೆ ಹೇಳುವ ಕ್ಯಾರೆಟ್ ಬೇರೆ. ಬಿಲ್ಲಿನಲ್ಲಿ 4.8 ಕ್ಯಾರೆಟ್ ಹರಳಿಗೆ ಹಣ ಪಡೆದಿದ್ದರೆ, ಒಟ್ಟು ತೂಕದಿಂದ ಹರಳಿಗೆಂದೇ ಕನಿಷ್ಠ 0.960 ಗ್ರಾಂ ಕಳೆದಿರಬೇಕು. ಕಳೆದದ್ದು ಅದಕ್ಕಿಂತ ಕಡಿಮೆಯಿದ್ದರೆ ಅದೇ ಹರಳಿಗೆ ಒಮ್ಮೆ ಹರಳಿನ ಬೆಲೆ, ಇನ್ನೊಮ್ಮೆ ಚಿನ್ನದ ಬೆಲೆ ಕೊಟ್ಟಂತಾಯಿತು.

‘ಒಡವೆ ಒಡೆಯದೆ ಒಳಗೆ ಅರಗು ಎಷ್ಟಿದೆ ಎಂದು ಹೇಳುವುದು ಹೇಗೆ, ಅಂದಾಜೇ ಗತಿ’ ಎಂಬ ಮಾತನ್ನು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳುತ್ತೇವೆ. ಹಳೆಯ ಒಡವೆಯ ಮಟ್ಟಿಗೆ ಈ ಮಾತು ನಿಜ. ಹೊಸ ಒಡವೆಗೆ ಇದನ್ನು ಒಪ್ಪಲಾಗದು. ಅಕ್ಕಸಾಲಿಗರಿಗೆ ಚಿನ್ನ ಕೊಡುವುದೂ ಅವರಿಂದ ವಾಪಸು ಪಡೆಯುವುದೂ ತೂಕದ ಮೇಲೆಯೇ. ಖಾಲಿ ಚೌಕಟ್ಟು 22.800, ಅರಗಿಟ್ಟ ಮೇಲೆ 23.900, ಹರಳು ಕೂರಿಸಿದ ಮೇಲೆ 24.860 ಎಂದು ಹಂತಹಂತದಲ್ಲಿ ತೂಗಿದರೆ, ಅರ ಹಾಕುವಾಗ ಉದುರುವ ಅಲ್ಪ ಪುಡಿಯನ್ನು ಬಿಟ್ಟು ಎಲ್ಲವೂ ಕೈಯಲ್ಲೇ ಇರುತ್ತದೆ. ತಮ್ಮ ಚಿನ್ನದ ಲೆಕ್ಕವನ್ನು ಅಕ್ಕಸಾಲಿಗರಿಂದ ಹೀಗೆ ಪಡೆಯಬಲ್ಲ ಅಂಗಡಿಯವರು ಅದೇ ಲೆಕ್ಕವನ್ನು ಗಿರಾಕಿಗೂ ಕೊಡಬಹುದು. ಹಾಲ್‌ಮಾರ್ಕ್ ಇದೆಯಲ್ಲ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. 22K916 ಎಂಬ ಗುರುತು, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಎರಡೂ ಹೇಳುವುದು ಚಿನ್ನದ ಶುದ್ಧತೆಯನ್ನು. ಒಳಗೆ ಚಿನ್ನ ಎಷ್ಟು ಗ್ರಾಂ ಎಂಬುದಕ್ಕೆ ಆ ಗುರುತು ಜಾಮೀನಲ್ಲ. ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗಂತೂ ಹಾಲ್‌ಮಾರ್ಕ್ ಕಡ್ಡಾಯವೇ ಅಲ್ಲ. ಕ್ಯಾರೆಟ್ ಮೀಟರ್‌ನ ಕಿರಣ ಕೂಡ ಲೋಹದ ಮೇಲ್ಪದರವನ್ನು ಓದುತ್ತದೆಯೇ ಹೊರತು ಗೂಡಿನೊಳಗಿನ ಅರಗನ್ನು ಅಳೆಯುವುದಿಲ್ಲ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಬರೆಯಲೇಬೇಕು ಎಂಬ ನಿಯಮ ಇರುವುದು ಇದಕ್ಕೇ. ಅದರ ಜತೆಗೆ ಹರಳು ಇಷ್ಟು, ಅರಗು ಇಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳುವುದು ಗಿರಾಕಿಯ ಕೆಲಸ.

ಹಾಗಾದರೆ ಯಂತ್ರವನ್ನು ನೋಡುವುದೇ ಬೇಡವೇ? ನೋಡಬೇಕು, ಎಲ್ಲಿ ನೋಡಬೇಕೆಂದು ತಿಳಿದು ನೋಡಬೇಕು. ಯಂತ್ರದ ಪಟ್ಟಿಯ ಮೇಲೆ ಅಂಡಾಕಾರದೊಳಗೆ II ಎಂಬ ಅಂಕಿ ಇದ್ದರೆ ಅದು ಎರಡನೇ ದರ್ಜೆಯದು. I ಇದ್ದರೆ ಇನ್ನೂ ಸೂಕ್ಷ್ಮ. ಪಕ್ಕದಲ್ಲಿ e = 10 mg ಎಂದಿರುವ ಎರಡನೇ ದರ್ಜೆಯ ಯಂತ್ರ 50 ಗ್ರಾಂವರೆಗೆ ಬಳಕೆಯಲ್ಲಿ 10 ಮಿಲಿಗ್ರಾಂನಷ್ಟು ಮಾತ್ರ ಆಚೀಚೆ ಆಗಬಹುದು. ನಮ್ಮ ದರದಲ್ಲಿ ಅದು ನೂರು ರೂಪಾಯಿ. ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕು, ಅದರ ಪ್ರಮಾಣಪತ್ರ ಅಂಗಡಿಯಲ್ಲಿ ಎದ್ದು ಕಾಣುವಂತಿರಬೇಕು. ಅದರ ತಾರೀಕು ಓದಿ. ಬಳಿಕ ಖಾಲಿ ತಟ್ಟೆ ಸೊನ್ನೆ ತೋರುತ್ತಿದೆಯೇ, ಮಟ್ಟ ತೋರಿಸುವ ನೀರ್ಗುಳ್ಳೆ ನಡುವಿದೆಯೇ, ಫ್ಯಾನಿನ ಗಾಳಿ ತಟ್ಟೆಗೆ ಬೀಸುತ್ತಿದೆಯೇ ಎಂದು ನೋಡಿ. ಒಡವೆಯ ಚೀಟಿ, ದಾರ ತೆಗೆಸಿ ತೂಗಿಸಿ. ಅದೇ ಒಡವೆಯನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಅಂಚಿಗೂ ಒಮ್ಮೊಮ್ಮೆ ಇಟ್ಟಾಗ ಅಂಕಿ ಕೊನೆಯ ದಶಾಂಶದಲ್ಲಿ ಮಾತ್ರ ಅಲುಗಿದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಬದಲಾದರೆ ಮುದ್ರೆಯಿರುವ ಪ್ರಮಾಣಿತ ತೂಕದ ಬಟ್ಟನ್ನೇ ತಟ್ಟೆಯ ಮೇಲಿಟ್ಟು ತೋರಿಸಲು ಕೇಳಬಹುದು. ನಾಣ್ಯವಿಟ್ಟು ಪರೀಕ್ಷಿಸುವವರಿದ್ದಾರೆ. ಸವೆದ ನಾಣ್ಯದಿಂದ ಮಿಲಿಗ್ರಾಂ ಲೆಕ್ಕ ತಿಳಿಯದು.

ಹಳೆಯ ಒಡವೆ ಮಾರುವಾಗ ಎಲ್ಲ ತಿರುಗುಮುರುಗು. ಅಂಗಡಿಯವರು ಮಾರುವ ದಿನ ಕಡಿಮೆ ಕಳೆದರೆ ಅವರಿಗೆ ಲಾಭ, ಅವರೇ ಕೊಳ್ಳುವ ದಿನ ಹೆಚ್ಚು ಕಳೆದರೆ ಲಾಭ. 2.060 ಗ್ರಾಂ ಕಳೆಯಬೇಕಾದ ಪದಕಕ್ಕೆ 3.500 ಕಳೆದರೂ ಕೇಳುವವರಿಲ್ಲ. ಒಳಗೆ ಏನಿದೆಯೋ ಗೊತ್ತಿಲ್ಲ, ನಷ್ಟ ನಮಗೇಕೆ ಎಂಬ ಅಂಗಡಿಯವರ ಭಯ ಸುಳ್ಳಲ್ಲ. ಅದಕ್ಕೆ ಪರಿಹಾರವೂ ಅವರ ಬಳಿಯೇ ಇದೆ. ಹರಳುಗಳನ್ನು ಗಿರಾಕಿಯ ಎದುರಲ್ಲೇ ಬಿಡಿಸಿ, ಒಡವೆ ಬಿಸಿ ಮಾಡಿ ಅರಗನ್ನು ತೆಗೆದು, ಬರಿಯ ಚಿನ್ನವನ್ನು ತೂಗಬಹುದು. ಹೀಗೆ ಮಾಡಿದರೆ ಒಡವೆ ಒಡವೆಯಾಗಿ ಉಳಿಯುವುದಿಲ್ಲ, ಆದ್ದರಿಂದ ಮಾರುವುದೇ ಖಚಿತ ಎಂದಾದ ಮೇಲೆ ಮಾತ್ರ ಒಪ್ಪಬೇಕು. ಬಿಡಿಸಿದ ಹರಳುಗಳು ಗಿರಾಕಿಯವು, ಕೇಳಿ ಪಡೆಯಬೇಕು. ಕೊಂಡ ದಿನದ ಬಿಲ್ಲಿನಲ್ಲಿ ಹರಳು 0.960, ಅರಗು 1.100 ಎಂದು ಬರೆದಿದ್ದರೆ, ಅದೇ ಅಂಗಡಿಗೆ ಒಡವೆ ಮರಳಿದಾಗ ಆ ಎರಡು ಅಂಕಿಗಳನ್ನು ಮೀರಿ ಕಳೆಯಲು ಅವರಿಗೆ ದಾರಿ ಇರುವುದಿಲ್ಲ.